ಪದಬಂಧದ ಚಿತ್ರದಿಂದ ಸುಳಿವುಗಳ ಪಟ್ಟಿ

ಪದಬಂಧದ ಸ್ಕ್ರೀನ್‌ಶಾಟ್‌ನಿಂದ ಸುಳಿವುಗಳ ಪಟ್ಟಿ ಮಾಡುವಾಗ ಹೆಚ್ಚಿನವರು ಅಕ್ಷರ ಗುರುತಿಸುವ ಆ್ಯಪ್‌ಗೆ ಚಿತ್ರ ಕೊಟ್ಟುಬಿಡುತ್ತಾರೆ. ಅದು ಪಕ್ಕಪಕ್ಕದ ಎರಡು ಕಾಲಂಗಳನ್ನು ಒಂದೇ ಸಾಲೆಂದು ಓದಿ, ಎಡದಿಂದ ಬಲಕ್ಕೆ ಇರುವ ಸುಳಿವಿನ ಬಾಲಕ್ಕೆ ಮೇಲಿನಿಂದ ಕೆಳಕ್ಕೆ ಇರುವುದರ ತಲೆ ಅಂಟಿಸುತ್ತದೆ. ಆದ್ದರಿಂದ ಒಂದೊಂದು ಕಾಲಂ ಕತ್ತರಿಸಿ ಬೇರೆಬೇರೆಯಾಗಿ ಓದಿಸಬೇಕು.

ಸಂಖ್ಯೆ ಮತ್ತು ಉದ್ದಗಳಿಗೆ ಮಾತ್ರ ಚೌಕವನ್ನೇ ನಂಬುವುದು ಮೇಲು. ಎಡಕ್ಕೆ ಕಪ್ಪು ಮನೆ ಅಥವಾ ಅಂಚು, ಬಲಕ್ಕೆ ಬಿಳಿ ಮನೆ ಇದ್ದರೆ ಅಲ್ಲಿ ಅಡ್ಡಪದ ಶುರು. ಮೇಲೆ ಕಪ್ಪು ಅಥವಾ ಅಂಚು, ಕೆಳಗೆ ಬಿಳಿ ಇದ್ದರೆ ಲಂಬಪದ. ಇಂಥ ಮನೆಗಳಿಗೆ ಸಾಲುಸಾಲಾಗಿ ಸಂಖ್ಯೆ ಕೊಡುತ್ತಾ ಹೋಗಬೇಕು. ಎರಡೂ ಶುರುವಾದರೆ ಸಂಖ್ಯೆ ಒಂದೇ.

5×5 ಚೌಕದ ಉದಾಹರಣೆ ನೋಡಿ (# ಕಪ್ಪು ಮನೆ):

```
. . . . .
. # . # .
. . # . .
. # . # .
. . . . .
```

ಎಡದಿಂದ ಬಲಕ್ಕೆ: 1 (5), 4 (2), 5 (2), 7 (5).
ಮೇಲಿನಿಂದ ಕೆಳಕ್ಕೆ: 1 (5), 2 (2), 3 (5), 6 (2).

ಓದಿಸಿದ ಪಟ್ಟಿಯಲ್ಲಿ ಅಡ್ಡ 6 ಕಂಡರೆ ಕಾಲಂ ಕಲಸಿದೆ ಎಂದೇ ಅರ್ಥ. ಚಿತ್ರದ ಅಂಚು ಕತ್ತರಿಸಿಹೋಗಿದ್ದರೆ ಮಾತ್ರ ಈ ಲೆಕ್ಕವೂ ಕೈಕೊಡುತ್ತದೆ.

ಉತ್ತರ ಗೊತ್ತಿದ್ದರೂ ಅದರ ಉದ್ದವನ್ನು ಕಂಪ್ಯೂಟರ್‌ನಿಂದ ಎಣಿಸಬೇಡಿ. ‘ಸಂಸ್ಕೃತಿ’ಗೆ ಪದಬಂಧದಲ್ಲಿ ಮೂರೇ ಮನೆ: ಸಂ, ಸ್ಕೃ, ತಿ. ಸ್ವರಚಿಹ್ನೆ, ಅನುಸ್ವಾರ, ವಿರಾಮಗಳನ್ನೆಲ್ಲ ಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಅದು ಎಂಟು.