ಗೃಹಲಕ್ಷ್ಮಿಯ ಹಣ ಎಲ್ಲಿ ನಿಂತಿದೆ? ಮಧ್ಯವರ್ತಿಯ ಬಳಿಗೆ ಹೋಗುವ ಮುನ್ನ ತಿಳಿಯಬೇಕಾದದ್ದು



ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲಿಯೇ ಚಾಲನೆಗೊಂಡಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಸಂದಾಯವಾಗುವ ಈ ಯೋಜನೆಯ ಬಗ್ಗೆ ತಿಳಿಯದವರು ಈಗ ವಿರಳ. ಆದರೆ ಹಣ ಬಾರದಿದ್ದಾಗ ಅದು ಎಲ್ಲಿ ನಿಂತಿದೆ ಎಂಬುದನ್ನು ಅರಿಯುವ ಬಗೆ ಹಲವರಿಗೆ ತಿಳಿದಿಲ್ಲ. ಆ ಅಜ್ಞಾನವೇ ಮಧ್ಯವರ್ತಿಗಳ ಬಂಡವಾಳವಾಗಿದೆ. ಆದ್ದರಿಂದ ಈ ಲೇಖನದಲ್ಲಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ವಿವರಿಸಲು ಬಯಸಿದ್ದೇವೆ.

ಮೊದಲಿಗೆ ಯಜಮಾನಿ ಯಾರೆಂಬ ಪ್ರಶ್ನೆ. ಮನೆಯಲ್ಲಿ ಸಂಸಾರ ನಡೆಸುವವರು ಸೊಸೆಯೇ ಆಗಿರಬಹುದು. ಆದರೆ ಸರ್ಕಾರ ನೋಡುವುದು ಪಡಿತರ ಚೀಟಿಯನ್ನು. ಅದರಲ್ಲಿ ಕುಟುಂಬದ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವರಿಗೆ ಮಾತ್ರ ಈ ಹಣ. ಒಂದು ಚೀಟಿಗೆ ಒಬ್ಬರೇ ಯಜಮಾನಿ. ಚೀಟಿಯು ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವುದೇ ಆಗಿದ್ದರೂ ಅಡ್ಡಿಯಿಲ್ಲ. ಆದರೆ ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿಸುವವರು ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿರಬಾರದು.

ಅರ್ಜಿಗೆ ಬೇಕಾದ ದಾಖಲೆಗಳು ಹೆಚ್ಚಿಲ್ಲ. ಪಡಿತರ ಚೀಟಿ, ಯಜಮಾನಿಯ ಹಾಗೂ ಪತಿಯ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಆಧಾರ್‌ಗೆ ಜೋಡಣೆಯಾದ ಮೊಬೈಲ್ ಇದ್ದರೆ ಸಾಕು. ಇವುಗಳೊಂದಿಗೆ ಯಜಮಾನಿಯೇ ಸ್ವತಃ ಗ್ರಾಮ ಒನ್ ಅಥವಾ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಸೇವಾಸಿಂಧು ತಂತ್ರಾಂಶದಲ್ಲಿ ಅರ್ಜಿಯನ್ನು ದಾಖಲಿಸುತ್ತಾರೆ. ಅದಕ್ಕೆ ಶುಲ್ಕವಿಲ್ಲ. ಅರ್ಜಿಯ ಸ್ವೀಕೃತಿ ಪತ್ರವನ್ನು ಕೇಳಿ ಪಡೆದು, ಪಾಸ್‌ಪುಸ್ತಕದೊಳಗೇ ಇಟ್ಟುಕೊಳ್ಳಿ. ಮುಂದೆ ತೊಡಕಾದರೆ ಎಲ್ಲ ಕಚೇರಿಗಳಲ್ಲಿಯೂ ಮೊದಲು ಕೇಳುವುದು ಅದನ್ನೇ. ಪಡಿತರ ಚೀಟಿಯಲ್ಲಿರುವ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ ಅರ್ಜಿಗೆ ಮುನ್ನವೇ ಸರಿಪಡಿಸಿಕೊಳ್ಳುವುದು ಲೇಸು.

ಅರ್ಜಿ ಮಂಜೂರಾದ ಮೇಲೂ ಹಣ ಬಾರದಿದ್ದರೆ ಏನು ಮಾಡಬೇಕು? ಮೊದಲು ನೆರೆಮನೆಯವರನ್ನು ಕೇಳಿ. ಅವರಿಗೂ ಆ ತಿಂಗಳ ಕಂತು ಬಂದಿಲ್ಲವೆಂದರೆ ತೊಡಕು ನಿಮ್ಮ ದಾಖಲೆಯಲ್ಲಿಲ್ಲ. ಸರ್ಕಾರವೇ ಆ ಕಂತನ್ನು ಬಿಡುಗಡೆ ಮಾಡಿಲ್ಲ ಎಂದು ಬಹುಮಟ್ಟಿಗೆ ತಿಳಿಯಬಹುದು. ಹಿಂದೆಯೂ ಕೆಲವು ಕಂತುಗಳು ತಿಂಗಳುಗಟ್ಟಲೆ ತಡವಾಗಿ ಬಂದಿವೆ. ಮಧ್ಯವರ್ತಿಗೆ ಅತಿ ಸುಲಭವಾಗಿ ಸಂಪಾದನೆಯಾಗುವ ಕಾಲವೂ ಇದೇ. “ಐನೂರು ಕೊಡಿ, ಮೇಲಿನವರಿಗೆ ಹೇಳಿ ಹಾಕಿಸುತ್ತೇನೆ” ಎನ್ನುತ್ತಾನೆ. ಕೆಲವು ವಾರಗಳ ಬಳಿಕ ಊರಿನ ಎಲ್ಲರಿಗೂ ಬಂದಂತೆ ನಿಮಗೂ ಹಣ ಬರುತ್ತದೆ. ಆತ ಏನನ್ನೂ ಮಾಡಿಲ್ಲದಿದ್ದರೂ ಕೀರ್ತಿ ಆತನದಾಗುತ್ತದೆ, ಮುಂದಿನ ಬಾರಿ ನೀವೇ ನಾಲ್ಕು ಜನರನ್ನು ಆತನ ಬಳಿಗೆ ಕಳುಹಿಸುತ್ತೀರಿ.

ನೆರೆಯವರಿಗೆಲ್ಲ ಬಂದು ನಿಮಗೊಬ್ಬರಿಗೇ ಬಾರದಿದ್ದರೆ ಆಗ ಬ್ಯಾಂಕ್ ಖಾತೆಯ ಕಡೆಗೆ ನೋಡಬೇಕು. ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯಿದೆ. ಈ ಹಣವು ನೀವು ತೋರಿಸಿದ ಪಾಸ್‌ಪುಸ್ತಕದ ಖಾತೆ ಸಂಖ್ಯೆಯನ್ನು ನೋಡಿಕೊಂಡು ಬರುವುದಿಲ್ಲ; ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿಯನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಇಟ್ಟುಕೊಂಡಿರುತ್ತದೆ. ಒಬ್ಬರಿಗೆ ನಾಲ್ಕು ಖಾತೆಗಳಿದ್ದರೂ ಆ ಪಟ್ಟಿಯಲ್ಲಿರುವುದು ಒಂದೇ ಬ್ಯಾಂಕು, ಕಟ್ಟಕಡೆಗೆ ಒಪ್ಪಿಗೆ ಕೊಟ್ಟು ಜೋಡಿಸಿದ್ದು.

ನಮ್ಮ ಸೀಮೆಯ ಒಂದು ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಆ ತಾಯಿಗೆ ಡೇರಿಯ ಹಾಲಿನ ಹಣಕ್ಕೆ ಒಂದು ಖಾತೆ, ಸ್ತ್ರೀಶಕ್ತಿ ಸಂಘದ ವ್ಯವಹಾರಕ್ಕೆ ಇನ್ನೊಂದು. ಗೃಹಲಕ್ಷ್ಮಿಗೆ ಡೇರಿ ಖಾತೆಯ ಪಾಸ್‌ಪುಸ್ತಕವನ್ನೇ ತೋರಿಸಿದ್ದರು, ಹಣವೂ ಬರುತ್ತಿತ್ತು. ಆ ಮೇಲೆ ಸಂತೆಯ ದಿನ ಹೊಸ ಸಿಮ್ ಕೊಂಡಾಗ ಅಂಗಡಿಯಾತ ಹೆಬ್ಬೆಟ್ಟು ಒತ್ತಿಸಿ, ಮೊಬೈಲ್ ಸಂಖ್ಯೆಯ ಮೇಲೆಯೇ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದ. ಆಧಾರ್ ಅದಕ್ಕೆ ಜೋಡಣೆಯಾಯಿತು. ಮುಂದಿನ ತಿಂಗಳಿಂದ ಡೇರಿ ಖಾತೆಯಲ್ಲಿ ಹಣವಿಲ್ಲ. ನಾಲ್ಕು ಕಂತುಗಳಾದರೂ ಹಣ ನಿಂತಿಲ್ಲ. 8,000 ರೂಪಾಯಿ ಆಕೆಗೇ ತಿಳಿಯದ ಖಾತೆಯಲ್ಲಿ ಕುಳಿತಿದೆ.

ಇದನ್ನು ಪತ್ತೆ ಹಚ್ಚಲು ಎರಡು ದಾರಿಗಳಿವೆ. `myaadhaar.uidai.gov.in` ಎಂಬಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು `Bank Seeding Status` ಎಂಬುದನ್ನು ಒತ್ತಿದರೆ ಜೋಡಣೆಯಾಗಿರುವ ಬ್ಯಾಂಕಿನ ಹೆಸರು ಕಾಣುತ್ತದೆ. ರಾಜ್ಯ ಸರ್ಕಾರದ `DBT Karnataka` ಎಂಬ ಆಪ್‌ನಲ್ಲಿ ಕಂತು ಬಿಡುಗಡೆಯಾಗಿದೆಯೇ, ಯಾವ ಬ್ಯಾಂಕಿಗೆ ಹೋಯಿತು ಎಂಬುದನ್ನೂ ನೋಡಬಹುದು. ಮನೆಯಲ್ಲಿ ಓದುತ್ತಿರುವ ಮಗನೋ ಮಗಳೋ ಇದ್ದರೆ ಅವರಿಂದಲೇ ನೋಡಿಸಿ. ಬಳಿಕ ನಿಮಗೆ ಬೇಕಾದ ಬ್ಯಾಂಕ್ ಶಾಖೆಗೆ ಹೋಗಿ, “ಸರ್ಕಾರದ ಹಣ ಈ ಖಾತೆಗೆ ಬರುವಂತೆ ಎನ್‌ಪಿಸಿಐ ಜೋಡಣೆ ಮಾಡಿಕೊಡಿ” ಎಂದು ಒಪ್ಪಿಗೆ ಪತ್ರ ಬರೆದುಕೊಡಬೇಕು. “ಆಧಾರ್ ಲಿಂಕ್ ಮಾಡಿ” ಎಂದಷ್ಟೇ ಹೇಳಿದರೆ ಸಾಲದು. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಈ ಜೋಡಣೆ ಬೇರೆ. ಕೆಲವು ದಿನಗಳ ನಂತರ ಮತ್ತೊಮ್ಮೆ ಅದೇ ಪುಟವನ್ನು ನೋಡಿ, ಬ್ಯಾಂಕಿನ ಹೆಸರು ಬದಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಖಾತೆಗೆ ಹೋಗಿರುವ ಹಣ ತಾನಾಗಿ ಇತ್ತ ಬರುವುದಿಲ್ಲ, ಅದನ್ನು ಅಲ್ಲಿಂದಲೇ ತೆಗೆಯಬೇಕು.

ಅತ್ತೆ ತೀರಿಕೊಂಡ ಮನೆಗಳಲ್ಲಿ ಕ್ರಮ ಬೇರೆ. 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಅದರ ಆಧಾರದ ಮೇಲೆ ಪಡಿತರ ಚೀಟಿಯಿಂದ ಅವರ ಹೆಸರನ್ನು ತೆಗೆಸಿ, ಸೊಸೆಯನ್ನು ಮುಖ್ಯಸ್ಥೆಯಾಗಿ ಮಾಡಿಸಿ, ಆ ಮೇಲೆ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಚೀಟಿ ಬದಲಾಗದೆ ಅರ್ಜಿ ಹಾಕಿದರೆ ಅದು ಮುಂದೆ ಸಾಗದು. ತೀರಿಕೊಂಡವರ ಎಟಿಎಂ ಕಾರ್ಡ್ ಮನೆಯಲ್ಲಿದೆಯೆಂದು ಆನಂತರ ಬಂದ ಕಂತುಗಳನ್ನು ತೆಗೆಯುವುದು ಸಲ್ಲದು. ಅದು ಸಲ್ಲಬೇಕಾದವರು ಇಲ್ಲ.

ಮಧ್ಯವರ್ತಿಗಳಿಂದ ಆಗುವ ಹಾನಿ ಐನೂರು ರೂಪಾಯಿಗೆ ನಿಲ್ಲುವುದಿಲ್ಲ ಎಂಬುದು ನಮ್ಮ ಹೆಚ್ಚಿನ ಆತಂಕ. ಹೆಬ್ಬೆಟ್ಟಿನ ಯಂತ್ರದಿಂದ ಆಧಾರ್ ಆಧಾರಿತವಾಗಿ ಬ್ಯಾಂಕಿನ ಹಣವನ್ನು ತೆಗೆಯಬಹುದು. “ಕೆವೈಸಿ ಮಾಡುತ್ತೇನೆ” ಎಂದು ಮನೆಬಾಗಿಲಿಗೆ ಬಂದವನು, “ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ” ಎಂದರೆ ಎರಡನೆಯ ಬಾರಿ ಹೋದದ್ದು ನಿಮ್ಮ ಹೊಗೆಸೊಪ್ಪಿನ ಹಣವೂ ಆಗಿರಬಹುದು. ಗ್ರಾಮಗಳಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುವ ಬ್ಯಾಂಕ್ ಮಿತ್ರರಿದ್ದಾರೆ, ಅವರನ್ನು ದೂಷಿಸುತ್ತಿಲ್ಲ. ಆದರೆ ಯಾರ ಯಂತ್ರದಲ್ಲಿ ಬೆರಳಿಟ್ಟರೂ ರಸೀದಿ ಕೇಳಿ, ಅದರಲ್ಲಿ ಎಷ್ಟು ಹಣ ತೆಗೆದಿದೆ, ಎಷ್ಟು ಉಳಿದಿದೆ ಎಂಬುದನ್ನು ಅಲ್ಲಿಯೇ ಓದಿಸಿ. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ವಾಟ್ಸಾಪ್‌ನಲ್ಲಿ ಗೃಹಲಕ್ಷ್ಮಿ ಹೆಸರಿನ ಲಿಂಕ್ ಬಂದರೆ ಒತ್ತಬೇಡಿ. ಹಣ ಕಳೆದುಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಸಂಜೆಗೆ ನೋಡೋಣವೆಂದು ತಡಮಾಡಿದಷ್ಟೂ ಹಣ ಕೈಬದಲಾಗುತ್ತದೆ.

ಅರ್ಜಿ ತಿರಸ್ಕೃತವಾಗಿದ್ದರೆ ಅಥವಾ ತೆರಿಗೆ ಕಟ್ಟದವರ ಮೇಲೆ ತೆರಿಗೆದಾರರೆಂಬ ಗುರುತು ಬಿದ್ದಿದ್ದರೆ, ಪಿರಿಯಾಪಟ್ಟಣದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಸ್ವೀಕೃತಿ ಪತ್ರದೊಂದಿಗೆ ವಿಚಾರಿಸಬೇಕು. ಯೋಜನೆಯ ಸಹಾಯವಾಣಿ 1902. ಅಂಗನವಾಡಿ ಕಾರ್ಯಕರ್ತೆಯರೂ ಇದೇ ಇಲಾಖೆಯವರಾದ್ದರಿಂದ, ತಾಲ್ಲೂಕಿಗೆ ಬಸ್ಸು ಹತ್ತುವ ಮುನ್ನ ಅವರನ್ನು ಒಮ್ಮೆ ಕೇಳಿದರೆ ಒಂದು ದಿನದ ಕೂಲಿ ಉಳಿಯಬಹುದು.