ಎಂಟರ ಬೋಲ್ಟಿಗೆ ಒಂಬತ್ತರ ತೂತು

ತಲಾ 6 ಮಿ.ಮೀ. ದಪ್ಪದ ಎರಡು ಉಕ್ಕಿನ ಪ್ಲೇಟುಗಳನ್ನು M8 ಬೋಲ್ಟುಗಳಿಂದ ಬಿಗಿಯಬೇಕು ಎನ್ನಿ. ಕಂಪ್ಯೂಟರಿನ ನಕ್ಷೆಯಲ್ಲಿ ಬೋಲ್ಟನ್ನು ಯಾರೂ ಬಿಡಿಸಿ ಕೂರುವುದಿಲ್ಲ. ಫ್ರೀಕ್ಯಾಡ್‌ನ ಫಾಸ್ಟನರ್ ಲೈಬ್ರರಿಯಿಂದ ISO4017 ಬೋಲ್ಟು, ISO4032 ನಟ್ಟು, ISO7089 ವಾಷರು ಆರಿಸಿದರಾಯಿತು.

ಉದ್ದವನ್ನು ಮಾತ್ರ ಲೆಕ್ಕಹಾಕಲೇಬೇಕು. ಪ್ಲೇಟುಗಳು 12, ಎರಡು ವಾಷರು 3.2, ನಟ್ಟು 6.8; ಒಟ್ಟು 22 ಮಿ.ಮೀ. ನಟ್ಟಿನಾಚೆ ಎರಡು ಮರೆಯಾದರೂ ಇಣುಕಲೆಂದು 2.5 ಸೇರಿಸಿದರೆ 24.5. ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ 25.

ತೂತು ಎಷ್ಟಿರಬೇಕು? ಸರಿಯಾಗಿ 8 ಕೊಟ್ಟರೆ ತೆರೆಯ ಮೇಲೆ ಎಲ್ಲವೂ ಚೆಂದ. ವರ್ಕ್‌ಶಾಪಿನಲ್ಲಿ ಮೊದಲ ಬೋಲ್ಟು ಹೇಗೋ ತೂರೀತು, ನಾಲ್ಕನೆಯದು ಹಟಹಿಡಿಯುತ್ತದೆ. ಡ್ರಿಲ್ ಕೂದಲೆಳೆಯಷ್ಟು ಸರಿದರೂ ಎರಡು ಪ್ಲೇಟುಗಳ ತೂತುಗಳು ಹೊಂದುವುದಿಲ್ಲ. ಅದಕ್ಕೇ ISO 273 ಮಾನಕವು M8ಗೆ ಬಿಗಿಯಾಗಿ 8.4, ಮಧ್ಯಮವಾಗಿ 9, ಸಡಿಲವಾಗಿ 10 ಮಿ.ಮೀ. ಹೇಳುತ್ತದೆ. ಸಾಮಾನ್ಯ ಕೆಲಸಕ್ಕೆ ಎರಡೂ ಪ್ಲೇಟಿಗೆ 9 ಕೊಡಿ.