ಮೆತ್ತನೆಯ ಉತ್ತರಕ್ಕೆ ಎಷ್ಟು ಅಂಕ?

ಬ್ಯಾಂಕಿನ ಗ್ರಾಹಕ ಸೇವಾ ವಿಭಾಗಕ್ಕೆ ಒಂದು ಇಮೇಲ್ ಬಂದಿದೆ ಎಂದುಕೊಳ್ಳಿ. ‘14ನೇ ತಾರೀಖು ಸಂಜೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹತ್ತು ಸಾವಿರ ತೆಗೆಯಲು ಹೋದೆ. ದುಡ್ಡು ಹೊರಗೆ ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಳೆದುಹೋಯಿತು. ಇವತ್ತು 23. ಹಣ ಯಾವಾಗ ಬರುತ್ತದೆ? ಇಷ್ಟು ತಡವಾಗಿದ್ದಕ್ಕೆ ಪರಿಹಾರ ಏನಾದರೂ ಉಂಟಾ? ಸಾಲದ್ದಕ್ಕೆ, ತಿಂಗಳ ಉಚಿತ ಮಿತಿ ದಾಟಿತು ಅಂತ ಇದೇ ವ್ಯವಹಾರಕ್ಕೆ ಶುಲ್ಕ ಬೇರೆ ಹಿಡಿದಿದ್ದೀರಲ್ಲ, ಅದು ಸರಿಯಾ?’

ಏಜೆಂಟ್ ಕಳಿಸಿದ ಉತ್ತರ ಹೀಗಿದೆ: ‘ಮಾನ್ಯರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಕೈಗೆ ಬಾರದ ಹಣ ಖಾತೆಯಿಂದ ಹೋದರೆ ಎಷ್ಟು ಆತಂಕವಾಗುತ್ತದೆ ಎಂಬುದು ನಮಗೆ ಗೊತ್ತು. ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ. ಇಂದಿನಿಂದ 7 ಕೆಲಸದ ದಿನಗಳೊಳಗೆ ಹಣ ಜಮೆಯಾಗಲಿದೆ. ಪರಿಹಾರದ ವಿಷಯವನ್ನು ನಿಯಮಾನುಸಾರ ಪರಿಶೀಲಿಸಲಾಗುವುದು. ನಿಮ್ಮ ಸಹನೆಗೆ ಧನ್ಯವಾದ.’

ಎರಡೂ ಉದಾಹರಣೆಗೆಂದು ನಾನೇ ಹೆಣೆದ ಪತ್ರಗಳು. ಆದರೆ ಇಂಥ ಉತ್ತರಗಳನ್ನು ಕೂತು ಓದಿ ಅಂಕ ಹಾಕುವುದೇ ಕೆಲಸವಾಗಿರುವವರು ಬೆಂಗಳೂರಿನ ಬಿಪಿಒಗಳಲ್ಲಿ ಬಹಳ ಮಂದಿ ಇದ್ದಾರೆ. ಕ್ವಾಲಿಟಿ ಟೀಮ್ ಎಂದು ಕರೆಸಿಕೊಳ್ಳುವ ಇವರು ಪ್ರತಿ ಏಜೆಂಟ್ ಬರೆದ ಉತ್ತರಗಳಲ್ಲಿ ಕೆಲವನ್ನು ಆರಿಸಿಕೊಂಡು ಮೂರು ವಿಷಯ ನೋಡುತ್ತಾರೆ: ಮಾತಿನ ಧಾಟಿ ಹೇಗಿದೆ, ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿದೆಯೇ, ಹೇಳಿದ್ದು ನಿಯಮಕ್ಕೆ ಸರಿಯಾಗಿದೆಯೇ. ಯಾವುದಕ್ಕೆ ಎಷ್ಟು ಅಂಕ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ ಧಾಟಿಗೆ 30, ಪೂರ್ಣತೆಗೆ 30, ನಿಯಮಕ್ಕೆ 40 ಎಂದು ಇಟ್ಟುಕೊಳ್ಳೋಣ.

ಮೇಲಿನ ಉತ್ತರವನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿ ನೇರವಾಗಿ ಅಂಕಕ್ಕೆ ಇಳಿದರೆ ಕೈ ಧಾರಾಳವಾಗುತ್ತದೆ. ಮರ್ಯಾದೆಯಿದೆ, ಕಾಳಜಿಯಿದೆ, ದಿನದ ಲೆಕ್ಕವೂ ಇದೆ. ಒಂದು ಗುಣ ಚೆನ್ನಾಗಿ ಕಂಡರೆ ಉಳಿದದ್ದೂ ಚೆನ್ನಾಗಿರಬೇಕು ಎಂದು ಅಂಕ ಹಾಕುವವರಿಗೆ ಅನ್ನಿಸಿಬಿಡುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಸೇನಾಧಿಕಾರಿಗಳ ಮೌಲ್ಯಮಾಪನವನ್ನು ಮುಂದಿಟ್ಟುಕೊಂಡು ತೋರಿಸಿದ್ದ. ಪಳಗಿದವರು ಅದಕ್ಕೇ ಹಿಂದುಮುಂದಾಗಿ ಹೋಗುತ್ತಾರೆ. ಮೊದಲು ಗ್ರಾಹಕರ ಪತ್ರ ಓದಿ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ನಿಯಮ ತೆರೆದು ಸರಿಯಾದ ಉತ್ತರ ಏನಾಗಬೇಕಿತ್ತು ಎಂದು ತಾವೇ ಗುರುತು ಹಾಕಿಕೊಳ್ಳುತ್ತಾರೆ. ಏಜೆಂಟ್ ಬರೆದದ್ದನ್ನು ನೋಡುವುದು ಅದಾದ ಮೇಲೆ. ಧಾಟಿಯ ಅಂಕ ಎಲ್ಲಕ್ಕಿಂತ ಕೊನೆಗೆ.

ಹಾಗೆ ಮಾಡಿದರೆ ಈ ಉತ್ತರದ ಬಣ್ಣ ಬದಲಾಗುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಂನಿಂದ ಹಣ ಬರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ಅದನ್ನು ಮರಳಿಸಬೇಕು. ಇವು ಕ್ಯಾಲೆಂಡರ್ ದಿನಗಳು, ಭಾನುವಾರ, ಹಬ್ಬ ಎಂಬ ರಿಯಾಯಿತಿ ಇಲ್ಲ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನು ಗ್ರಾಹಕರು ಕೇಳದಿದ್ದರೂ ಬ್ಯಾಂಕೇ ಜಮೆ ಮಾಡಬೇಕು. 14ಕ್ಕೆ 5 ಸೇರಿಸಿದರೆ 19. ಪತ್ರ ಬರೆದ 23ರ ಹೊತ್ತಿಗೆ ನಾಲ್ಕು ದಿನ ಮೀರಿದೆ, 400 ರೂಪಾಯಿ ಆಗಿದೆ, ಹಣ ಬರುವವರೆಗೆ ಇನ್ನೂ ಏರುತ್ತದೆ. ಶುಲ್ಕದ ಮಾತಿಗೆ ಬಂದರೆ, ತಾಂತ್ರಿಕ ಕಾರಣಕ್ಕೆ ವಿಫಲವಾದ ವ್ಯವಹಾರವನ್ನು ಉಚಿತ ಮಿತಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅದಕ್ಕೆ ಶುಲ್ಕ ಹಾಕುವಂತೆಯೂ ಇಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇದನ್ನೂ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ.

ಹಾಗಾದರೆ ಏಜೆಂಟ್‌ಗೆ ‘7 ಕೆಲಸದ ದಿನ’ ಎಲ್ಲಿಂದ ಬಂತು? ಅದು ಬಾಯಿಗೆ ಬಂದ ಸಂಖ್ಯೆಯಲ್ಲ. 2011ರಿಂದ ಜಾರಿಯಲ್ಲಿದ್ದ ಹಳೆಯ ನಿಯಮ ಅದು: ದೂರು ಕೈಸೇರಿದ ಮೇಲೆ 7 ಕೆಲಸದ ದಿನ. ಹೊಸ ಸುತ್ತೋಲೆ ಬಂದಾಗ ಎಣಿಕೆ ಶುರುವಾಗುವ ಜಾಗವೇ ಬದಲಾಯಿತು, ದೂರಿನ ದಿನದಿಂದ ವ್ಯವಹಾರದ ದಿನಕ್ಕೆ. ಆದರೆ ಏಜೆಂಟರು ಪ್ರತಿ ಉತ್ತರವನ್ನೂ ಹೊಸದಾಗಿ ಬರೆಯುವುದಿಲ್ಲ. ಸಿದ್ಧ ಟೆಂಪ್ಲೇಟ್ ತೆಗೆದು ಹೆಸರು, ದೂರಿನ ಸಂಖ್ಯೆ ತುಂಬಿ ಕಳಿಸುತ್ತಾರೆ. ಒಂದು ಟೆಂಪ್ಲೇಟ್ ತಿದ್ದುವಾಗ ಅದರ ನಾಲ್ಕು ನಕಲು ಇನ್ನೆಲ್ಲೋ ಉಳಿದಿರುತ್ತವೆ. ನಿಯಮದ ತಪ್ಪು ಸಿಕ್ಕಾಗ ಅದನ್ನು ಏಜೆಂಟ್ ತಾನೇ ಬರೆದದ್ದೇ, ಟೆಂಪ್ಲೇಟಿನಲ್ಲೇ ಇತ್ತೇ ಎಂದು ನೋಡಿ ಬೇರೆ ಬೇರೆ ದಾಖಲಿಸಬೇಕು. ಇದನ್ನು ಮಾಡದೆ ಏಜೆಂಟ್‌ಗೆ ಅಂಕ ಕಡಿದು ಕೈತೊಳೆದುಕೊಳ್ಳುವ ಟೀಮುಗಳಿವೆ. ಅದೇ ತಪ್ಪು ಮುಂದಿನ ವಾರ ಇನ್ನೊಬ್ಬರ ಹೆಸರಿನಲ್ಲಿ ಬರುತ್ತದೆ.

ಈಗ ಅಂಕ. ನಿಯಮದ ಅಡಿಯಲ್ಲಿ ನಾಲ್ಕು ಅಂಶ ನೋಡುತ್ತಾರೆ ಎನ್ನಿ. ಪಿನ್, ಒಟಿಪಿ ಕೇಳಿಲ್ಲ, ಖಾತೆ ಸಂಖ್ಯೆಯನ್ನು ಪೂರ್ತಿ ಬರೆದಿಲ್ಲ, ದೂರು ದಾಖಲಾಗಿದೆ, ಅವಧಿ ಮಾತ್ರ ತಪ್ಪು. 40ಕ್ಕೆ 30 ಆಯಿತು. ಧಾಟಿಗೆ 27. ಪೂರ್ಣತೆಗೆ ಬಂದಾಗ ಇಬ್ಬರು ಪರೀಕ್ಷಕರು ದಾರಿ ಅಗಲುತ್ತಾರೆ. ಶುಲ್ಕದ ಪ್ರಶ್ನೆಯನ್ನು ಮುಟ್ಟೇ ಇಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ‘ನಿಯಮಾನುಸಾರ ಪರಿಶೀಲಿಸಲಾಗುವುದು’ ಎಂಬುದನ್ನು ಒಬ್ಬರು ಉತ್ತರವೆಂದು ಎಣಿಸಿ 20 ಕೊಡುತ್ತಾರೆ, ಇನ್ನೊಬ್ಬರು ಎಣಿಸದೆ 10 ಕೊಡುತ್ತಾರೆ. ಇಂಥ ಜಗಳ ಬಿಡಿಸಲೆಂದೇ ಕ್ಯಾಲಿಬ್ರೇಶನ್ ಸಭೆ ಇರುವುದು. ಒಂದೇ ಪತ್ರಕ್ಕೆ ಎಲ್ಲರೂ ಒಬ್ಬರದನ್ನೊಬ್ಬರು ನೋಡದೆ ಅಂಕ ಹಾಕಿ, ಆಮೇಲೆ ವ್ಯತ್ಯಾಸ ಎಲ್ಲಿ ಬಂತೋ ಅಲ್ಲಿ ಮಾತಾಡುತ್ತಾರೆ. ಈ ಸಾಲಿಗೆ ಒಂದು ಸರಳ ಪರೀಕ್ಷೆ ಇದೆ: ಇದನ್ನು ಓದಿದ ಗ್ರಾಹಕರು ಅದೇ ವಿಷಯ ಕೇಳಲು ಇನ್ನೊಂದು ಪತ್ರ ಬರೆಯಬೇಕಾಗುತ್ತದೆಯೇ? ಬರೆಯಬೇಕು. ಆದ್ದರಿಂದ 10. ‘7 ದಿನ’ ತಪ್ಪಾದರೂ ಉತ್ತರವೇ, ಅದಕ್ಕೆ ಪೂರ್ಣತೆಯಲ್ಲೂ ಮತ್ತೆ ಅಂಕ ಕಡಿಯುವುದು ಒಂದೇ ತಪ್ಪಿಗೆ ಎರಡು ಏಟು ಕೊಟ್ಟಂತೆ.

ಒಟ್ಟು 67. ಫಸ್ಟ್ ಕ್ಲಾಸ್! ಗ್ರಾಹಕರಿಗೆ ಮಾತ್ರ ಬರಬೇಕಾದ ಹಣದ ವಿಷಯದಲ್ಲಿ ಸುಳ್ಳು ಮಾಹಿತಿ ಹೋಗಿದೆ. ಕೂಡಿಸುವ ಲೆಕ್ಕದ ದೊಡ್ಡ ದೋಷ ಇದೇ, ಸವಿಮಾತು ತಪ್ಪು ನಿಯಮದ ಸಾಲ ತೀರಿಸಿಬಿಡುತ್ತದೆ. ಅದಕ್ಕೆ ಕೆಲವು ತಪ್ಪುಗಳನ್ನು ‘ಫೇಟಲ್’ ಎಂದು ಬೇರೆ ಇಡುತ್ತಾರೆ. ಅವುಗಳಲ್ಲಿ ಒಂದಿದ್ದರೂ ಇಡೀ ಉತ್ತರಕ್ಕೆ ಸೊನ್ನೆ. ಆ ಪಟ್ಟಿ ಚಿಕ್ಕದಾಗಿರಬೇಕು. ಕಾಗುಣಿತದ ತಪ್ಪನ್ನೂ ಫೇಟಲ್ ಮಾಡಿದ ಕಡೆ ಏಜೆಂಟರು ಖಚಿತವಾಗಿ ಏನನ್ನೂ ಹೇಳದೆ ‘ಪರಿಶೀಲಿಸಲಾಗುವುದು’ ಎಂಬಲ್ಲೇ ಅಡಗಿಕೊಳ್ಳಲು ಕಲಿಯುತ್ತಾರೆ.

ಧಾಟಿಗೆ ಕೊಟ್ಟ 27 ಕೂಡ ನನಗೆ ಹೆಚ್ಚೇ ಅನ್ನಿಸುತ್ತದೆ. ಧಾಟಿಯ ಅಂಕ ಪರೀಕ್ಷಕರ ಮನಸ್ಸಿಗೆ ಬಂದದ್ದಾಗಬಾರದು, ಕಡಿದ ಪ್ರತಿ ಅಂಕಕ್ಕೂ ಇಂಥ ಸಾಲು ಎಂದು ತೋರಿಸಲು ಬರಬೇಕು. ಇಲ್ಲಿ ತೋರಿಸಬಹುದಾದ ಸಾಲು ಕೊನೆಯದು. ಒಂಬತ್ತು ದಿನ ಕಾದವರಿಗೆ ಸಹನೆಯ ಧನ್ಯವಾದ ಹೇಳಿದರೆ ಇನ್ನಷ್ಟು ಕಾಯಿರಿ ಎಂದೇ ಕೇಳಿಸುತ್ತದೆ. ಆತಂಕದ ಸಾಲಿನಲ್ಲೂ ಸಂತಾಪವೇ ಇದೆ, ತಡ ಬ್ಯಾಂಕಿನದು ಎಂಬ ಒಪ್ಪಿಗೆ ಇಲ್ಲ.

ಇದೇ ಪತ್ರಕ್ಕೆ ಇನ್ನೊಂದು ಉತ್ತರ: ‘ನಿಮ್ಮ 10,000 ರೂಪಾಯಿ 19ರೊಳಗೆ ವಾಪಸ್ ಬರಬೇಕಿತ್ತು, ಬಂದಿಲ್ಲ, ಕ್ಷಮಿಸಿ. ಎಟಿಎಂ ಬ್ಯಾಂಕಿನ ದಾಖಲೆ ತರಿಸುತ್ತಿದ್ದೇವೆ. ಹಣ ಬಂದಿಲ್ಲವೆಂದು ಅದರಲ್ಲಿ ಖಚಿತವಾದ ಕೂಡಲೇ ಮೊತ್ತದ ಜೊತೆಗೆ 20ರಿಂದ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಹಿಡಿದ ಶುಲ್ಕ ಎರಡನ್ನೂ ಜಮೆ ಮಾಡುತ್ತೇವೆ. ಹಣ ಬಂದಿದೆ ಎಂದು ದಾಖಲೆ ಹೇಳಿದರೆ ಅದರ ಪ್ರತಿ ನಿಮಗೆ ಕಳಿಸುತ್ತೇವೆ, ನೀವು ಆಕ್ಷೇಪಿಸಬಹುದು. ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.’ ಸ್ವಲ್ಪ ಒಣಕಲು. ಧಾಟಿಗೆ 22 ಕೊಟ್ಟರೂ ಒಟ್ಟು 92.

ಮೊದಲಿನ ಉತ್ತರದ ಆಡಿಟ್ ಅಂಕ ಹಾಕಿದಲ್ಲಿಗೆ ಮುಗಿಯುವುದಿಲ್ಲ. ಆ ಹಳೆಯ ಟೆಂಪ್ಲೇಟ್ ತೆಗೆಸಬೇಕು, ಅದನ್ನೇ ಬಳಸಿ ಹಿಂದೆ ಕಳಿಸಿದ ಉತ್ತರಗಳನ್ನೆಲ್ಲ ಟಿಕೆಟ್ ದಾಖಲೆಯಲ್ಲಿ ಹುಡುಕಿಸಬೇಕು. ಏಳು ಕೆಲಸದ ದಿನ ಎಂಬುದನ್ನು ನಂಬಿ ಸುಮ್ಮನಾದ ಗ್ರಾಹಕರಿಗೂ ದಿನಕ್ಕೆ 100 ರೂಪಾಯಿ ಬಾಕಿ ಇರಬಹುದು, ಅವರು ಕೇಳದಿದ್ದರೂ ಅದನ್ನು ಬ್ಯಾಂಕ್ ಕೊಡಲೇಬೇಕು.